ಉರಿ ಮಂಕಾದರೆ ಪಂಪ್ ಹೊಡೆಯಬೇಡಿ

ಪಂಪ್ ಸ್ಟೌ ಸರಿಯಾಗಿ ಉರಿಯುತ್ತಿದೆಯೇ ಎಂದು ತಿಳಿಯಲು ಕಣ್ಣಿಗಿಂತ ಕಿವಿ ಮೇಲು. ಒಂದೇ ಸಮನೆ ಸುಂಯ್ ಎನ್ನುತ್ತಾ ನೀಲಿಯಾಗಿ ಉರಿಯುತ್ತಿದ್ದರೆ ಚಿಂತೆಯಿಲ್ಲ. ಸದ್ದು ಕುಗ್ಗಿ, ಉರಿ ಹಳದಿಗೆ ತಿರುಗಿ, ಪಾತ್ರೆಯ ತಳಕ್ಕೆ ಮಸಿ ಹತ್ತತೊಡಗಿತು ಎಂದರೆ ಏನೋ ಕಟ್ಟಿಕೊಂಡಿದೆ. ಆಗ ಎಲ್ಲರ ಕೈಯೂ ತಾನಾಗಿ ಪಂಪಿನ ಕಡೆಗೇ ಹೋಗುತ್ತದೆ. ಹೋಗಬಾರದ್ದು ಅಲ್ಲಿಗೇ.

ಟ್ಯಾಂಕಿನೊಳಗಿನ ಗಾಳಿ ಸೀಮೆಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ. ಅದು ಕಾದ ಬರ್ನರಿನಲ್ಲಿ ಆವಿಯಾಗಿ ನಿಪ್ಪಲಿನ ಸೂಜಿಮೊನೆಯಷ್ಟು ತೂತಿನಿಂದ ಹೊರಬಂದು ಉರಿಯುತ್ತದೆ. ಆ ತೂತಿಗೆ ಮಸಿ ಕಟ್ಟಿದಾಗ ನೀವು ಪಂಪ್ ಹೊಡೆದರೆ ಗಾಳಿ ಟ್ಯಾಂಕಿನಲ್ಲೇ ತುಂಬಿಕೊಳ್ಳುತ್ತದೆ, ಉರಿ ಮಾತ್ರ ಏಳುವುದಿಲ್ಲ. ಎಲ್ಲಾದರೂ ಸವೆದ ವಾಷರ್, ಬೆಸುಗೆ ಬಿಟ್ಟ ಸಂದು ಇದ್ದರೆ ಎಣ್ಣೆ ಅಲ್ಲಿಂದ ಚಿಮ್ಮಿ ಬೆಂಕಿ ಹತ್ತುತ್ತದೆ. ಆದ್ದರಿಂದ ಮೊದಲು ಪಿನ್ನು ಹಾಕಿ ತೂತು ಬಿಡಿಸಿ. ಒಂದೆರಡು ಸಲ ಹಾಕಿದರೂ ಸರಿಹೋಗದಿದ್ದರೆ ಗಾಳಿ ಬಿಟ್ಟು, ಆರಿಸಿ, ತಣ್ಣಗಾದ ಮೇಲೆ ನಿಪ್ಪಲ್ ಬಿಚ್ಚಿ ನೋಡಿ.

ನಮ್ಮ ವಠಾರದಲ್ಲಿ ಪಕ್ಕದ ಮನೆಯ ಸೊಸೆ ಸ್ನಾನದ ನೀರಿಗೆಂದು ಅಗಲವಾದ ಪಾತ್ರೆ ಇಟ್ಟು, ಉರಿ ಸಾಲದೆಂದು ಪಂಪ್ ಹೊಡೆಯುತ್ತಲೇ ಇದ್ದಳು. ಬರ್ನರಿನ ಬುಡದಿಂದ ಭಗ್ಗೆಂದು ಹಳದಿ ಜ್ವಾಲೆ ಎದ್ದಿತು. “ಅಜ್ಜೀ, ನೀರು ಹಾಕಲಾ?” ಎಂದು ಕೂಗಿದಳು. “ನೀರು ಬೇಡ ಕಣೇ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲು ಗಾಳಿ ಬಿಡು” ಎಂದೆ. ಮುಚ್ಚಳದ ಮೇಲಿನ ಸಣ್ಣ ತಿರುಪು ಬೆಂಕಿಯಿಂದ ದೂರವಿತ್ತು, ಕೈಗೆ ಸಿಕ್ಕಿತು. ಅದನ್ನು ಸಡಿಲಿಸಿದೊಡನೆ ಬುಸ್ಸೆಂದು ಗಾಳಿ ಹೋಗಿ ಜ್ವಾಲೆ ಕುಸಿಯಿತು. ತಿರುಪಿನ ಹತ್ತಿರವೇ ಬೆಂಕಿ ಇದ್ದರೆ ಕೈ ಚಾಚಬೇಡಿ. ಉರಿ ಇನ್ನೂ ಚಿಕ್ಕದಿದ್ದರೆ ದೂರ ನಿಂತು ಒದ್ದೆ ಗೋಣಿಚೀಲ ಹೊದಿಸಿ ಇಲ್ಲವೇ ಮರಳು ಸುರಿಯಿರಿ. ಅದು ದೊಡ್ಡದಾಗಿದ್ದರೆ ಎಲ್ಲರೂ ಹೊರಗೆ ಓಡಿ. ನೀರು ಹಾಕಿದರೆ ಎಣ್ಣೆ ಅದರ ಮೇಲೆ ತೇಲಿ ಮನೆಯೆಲ್ಲ ಹರಿದಾಡುತ್ತದೆ.

ಆಗ ಅವಳ ಟ್ಯಾಂಕ್ ಕೈ ಇಡಲಾಗದಷ್ಟು ಕಾದಿತ್ತು. ಅಗಲ ಪಾತ್ರೆಯ ಕೆಳಗೆ ಶಾಖ ಸಿಕ್ಕಿಹಾಕಿಕೊಂಡು ಕೆಳಕ್ಕೇ ಬಡಿಯುತ್ತದೆ. ಗಾಳಿಗೆ ಆರಬಾರದೆಂದು ಸುತ್ತ ಇಟ್ಟಿಗೆ, ತಗಡು ಕಟ್ಟಿದರೂ ಅದೇ ಪಾಡು. ನಡುನಡುವೆ ಟ್ಯಾಂಕ್ ಮುಟ್ಟಿ ನೋಡುವ ಅಭ್ಯಾಸ ಇರಲಿ. ಅಂಗೈ ಇಡಲು ಆಗದಿದ್ದರೆ ಸ್ಟೌ ಆರಿಸುವುದೇ ಸರಿ, ಅನ್ನ ಅರೆಬೆಂದಿದ್ದರೂ.

ಹಚ್ಚುವಾಗಲೂ ಆತುರ ಬೇಡ. ತಿರುಪು ಸಡಿಲವಾಗಿಯೇ ಇರಲಿ. ಬರ್ನರಿನ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಿ. ಅದು ಉರಿದು ಮುಗಿಯುವ ಹೊತ್ತಿಗೆ ತಿರುಪು ಬಿಗಿಮಾಡಿ ಮೆಲ್ಲಗೆ ಪಂಪ್ ಮಾಡಿ. ಬರ್ನರ್ ಕಾಯುವ ಮುಂಚೆಯೇ ಪಂಪ್ ಮಾಡಿದರೆ ಆವಿಯ ಬದಲು ಎಣ್ಣೆಯೇ ಚಿಮ್ಮಿ ಮುಖದವರೆಗೂ ಉರಿ ಏಳುತ್ತದೆ.

ಎಣ್ಣೆ ತುಂಬುವಾಗ ಆರಿಸಿ, ಗಾಳಿ ಬಿಟ್ಟು, ಸ್ಟೌ ಪೂರ್ತಿ ತಣಿದಿರಬೇಕು. ಟ್ಯಾಂಕಿನ ಮುಕ್ಕಾಲು ಭಾಗದ ಮೇಲೆ ತುಂಬಬೇಡಿ, ಗಾಳಿಗೂ ಜಾಗ ಬೇಕು. ಚೆಲ್ಲಿದ್ದನ್ನು ಒರೆಸಿ, ಡಬ್ಬಿಯನ್ನು ಬೇರೆ ಕೋಣೆಗೆ ಸಾಗಿಸಿದ ಮೇಲೆಯೇ ಬೆಂಕಿಕಡ್ಡಿ ಕೈಗೆತ್ತಿಕೊಳ್ಳಿ.

ಬತ್ತಿ ಸ್ಟೌ ಇರುವವರು ಬತ್ತಿ ಎಣಿಸಿ. ಎಷ್ಟು ಕೊಳವೆ ಇವೆಯೋ ಅಷ್ಟೂ ಬತ್ತಿ ಇರಬೇಕು, ಬಿಗಿಯಾಗಿ ಕೂತಿರಬೇಕು. ಒಂದು ಸುಟ್ಟು ಕೆಳಗೆ ಜಾರಿದರೆ ಆ ಬರಿದಾದ ಕೊಳವೆಯ ಮೂಲಕ ಉರಿ ನೇರ ಟ್ಯಾಂಕಿಗೆ ಇಳಿಯಬಹುದು. ಟ್ಯಾಂಕ್ ಬರಿದಾಗುತ್ತಾ ಬಂದಂತೆ ಅದರೊಳಗೆ ಎಣ್ಣೆಯ ಜಾಗದಲ್ಲಿ ಆವಿಯೂ ಗಾಳಿಯೂ ಸೇರಿಕೊಳ್ಳುತ್ತವೆ. ಅದಕ್ಕೇ ಕೊನೆಯ ತೊಟ್ಟಿನವರೆಗೂ ಉರಿಸಬಾರದು. ಆರಿಸಲು ಮೇಲಿನಿಂದ ಉಫ್ ಎಂದು ಊದುವುದೂ ತಪ್ಪು. ಬತ್ತಿ ಪೂರ್ತಿ ಇಳಿಸಿ, ತಾನಾಗಿ ಆರಲು ಬಿಡಿ, ಒಂದಿಷ್ಟು ಹೊಗೆ ವಾಸನೆ ಬಂದರೆ ಬರಲಿ.

ಇಷ್ಟೆಲ್ಲ ಮಾಡಿದರೂ ಸೀಮೆಎಣ್ಣೆಗೆ ಪೆಟ್ರೋಲ್ ಬೆರೆತಿದ್ದರೆ ಸ್ಟೌ ಸಿಡಿಯಬಹುದು, ಏಕೆಂದರೆ ಪೆಟ್ರೋಲ್ ಮನೆಯ ತಂಪಿನಲ್ಲೂ ಒಂದು ಕಿಡಿಗೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಬೈಕಿಗೆ ಪೆಟ್ರೋಲ್ ತಂದ ಕ್ಯಾನಿನಲ್ಲಿ ಎಂದೂ ಸೀಮೆಎಣ್ಣೆ ತರಬೇಡಿ. ರೇಷನ್ ಸೀಮೆಎಣ್ಣೆಗೆ ನೀಲಿ ಬಣ್ಣ ಸೇರಿಸಿರುತ್ತಾರೆ, ಆದರೆ ಬಣ್ಣ ನೋಡಿ ಬೆರಕೆ ಇಲ್ಲವೆಂದು ನಂಬಲಾಗದು. ಕಾಗದದ ಮೇಲೆ ಒಂದು ಹನಿ ಹಾಕಿದರೆ ಸೀಮೆಎಣ್ಣೆಯ ಕಲೆ ಬಹಳ ಹೊತ್ತು ಉಳಿಯುತ್ತದೆ, ಪೆಟ್ರೋಲ್ ಬೇಗ ಮಾಯವಾಗುತ್ತದೆ. ಸ್ವಲ್ಪವೇ ಬೆರೆತಿದ್ದರೆ ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ವಾಸನೆ ಚುರುಕಾಗಿ ಬೇರೆ ಥರ ಬಂದರೆ ಅದನ್ನು ಸ್ಟೌಗೆ ಹಾಕಬೇಡಿ, ಹಚ್ಚಿ ನೋಡುವುದಂತೂ ಬೇಡವೇ ಬೇಡ.