‘ಜೆಕ್ಟ್’ನಿಂದ ಶುರು ಮಾಡಿ ಇಂಗ್ಲಿಷ್ ಪದ ಕಲಿಸಿದ ನನ್ನ ಅನುಭವ

ದಾವಣಗೆರೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದ ಪಿಯುಸಿ ಮಕ್ಕಳು, ನರ್ಸಿಂಗ್ ಹುಡುಗಿಯರು, ಮೆಡಿಕಲ್ ಶಾಪ್ ಹುಡುಗರು. ಪದಗಳನ್ನು ಅವುಗಳೊಳಗಿನ ಲ್ಯಾಟಿನ್ ಧಾತು ಹಿಡಿದು ಕಲಿಸುತ್ತೇನೆ ಎಂದಾಗ ಇದೇ ಕಸುಬಿನ ಗೆಳೆಯನೊಬ್ಬ ನಕ್ಕಿದ್ದ: “ಇವ್ರಿಗೆ ಇಂಗ್ಲಿಷೇ ಬರಲ್ಲ, ನೀನು ಲ್ಯಾಟಿನ್ ಕಲಿಸಾಕೆ ಹೊಂಟೀಯಲ್ಲೋ!” ಈಗ ಅವನೇ ನನ್ನ ನೋಟ್ಸ್ ಕೇಳುತ್ತಾನೆ. ಅರ್ಧ ಕೊಟ್ಟಿದ್ದೇನೆ.

ದಿನಕ್ಕೆ ಇಪ್ಪತ್ತು ಪದ, ಎದುರಿಗೆ ಕನ್ನಡ ಅರ್ಥ, ಮರುದಿನ ಡಿಕ್ಟೇಶನ್ ಎನ್ನುವ ಪದ್ಧತಿಯ ಗತಿ ನಿಮಗೆಲ್ಲ ಗೊತ್ತೇ ಇದೆ. ವಾರ ಕಳೆದರೆ ನಾಲ್ಕೈದು ಉಳಿದರೆ ಹೆಚ್ಚು. ಅದನ್ನು ಬಿಟ್ಟು ಧಾತುಗಳ ದೊಡ್ಡ ಪಟ್ಟಿಗೆ ಹೋದೆ. ಐವತ್ತು ಧಾತು, ಒಂದೊಂದರ ಕೆಳಗೂ ಹತ್ತಾರು ಪದ, ಬಣ್ಣದ ಪ್ರಿಂಟು, ಲ್ಯಾಮಿನೇಶನ್. ಸುಮಾರು ಹದಿನಾಲ್ಕು ಸಾವಿರ ಕೈಬಿಟ್ಟಿತು. ತಿಂಗಳಿಗೆ ಆರುನೂರು ಫೀ ಕೊಡುವ ಬ್ಯಾಚು ಮೂವತ್ತರಿಂದ ಹತ್ತರೊಳಗೆ ಇಳಿಯಿತು. ಆ ಕಾರ್ಡುಗಳು ಈಗಲೂ ಅಟ್ಟದ ಮೇಲಿವೆ. ಧಾತು ಸರಿಯಾಗಿಯೇ ಇತ್ತು, ಕೆಟ್ಟದ್ದು ಅನುಕ್ರಮ. ಮಕ್ಕಳಿಗೆ ಒಂದು ಪದವೂ ಗೊತ್ತಿಲ್ಲದ ಕಡೆ ಧಾತು ಇಟ್ಟರೆ ಅದೂ ಇನ್ನೊಂದು ಬಾಯಿಪಾಠ ಅಷ್ಟೇ.

ಹಾಗಾಗಿ ತಿರುಗಿಸಿ ಹಾಕಿದೆ. ಬಾಯಲ್ಲಿ ಆಗಲೇ ಇರುವ ಮೂರು ಪದ ಮೊದಲು, ಧಾತು ಆಮೇಲೆ. ‘ಜೆಕ್ಟ್’ ವಾರ ಹೇಗೆ ನಡೆಯುತ್ತದೆ ಹೇಳುತ್ತೇನೆ. ಬೋರ್ಡಿನ ಮೇಲೆ ಇಂಜೆಕ್ಷನ್, ರಿಜೆಕ್ಟ್, ಪ್ರೊಜೆಕ್ಟರ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೇನೆ. ಎಲ್ಲಿ ಕೇಳಿದ್ದೀರಿ ಎಂದರೆ ಒಬ್ಬರು ಆಸ್ಪತ್ರೆ, ಇನ್ನೊಬ್ಬರು ಬ್ಯಾಂಕಿನ ಲೋನ್, ಮತ್ತೊಬ್ಬರು ಕಾಲೇಜಿನ ಹಾಲ್ ಎನ್ನುತ್ತಾರೆ. ಮೂರರಲ್ಲೂ ಇರುವ ತುಂಡನ್ನು ಅವರೇ ಗೆರೆ ಎಳೆದು ತೋರಿಸಬೇಕು. ಅದರ ಅರ್ಥ ‘ಎಸೆ’ ಎಂದು ನಾನು ಹೇಳುವುದು ಅಷ್ಟಾದ ಮೇಲೆಯೇ. ಒಳಕ್ಕೆ ಎಸೆದರೆ ಇಂಜೆಕ್ಷನ್, ಹಿಂದಕ್ಕೆ ಎಸೆದರೆ ರಿಜೆಕ್ಟ್, ಮುಂದಕ್ಕೆ ಬೆಳಕು ಎಸೆಯುವುದು ಪ್ರೊಜೆಕ್ಟರ್. ಮೊದಲ ದಿನ ಇಷ್ಟೇ.

ಇಲ್ಲಿ ಕನ್ನಡ ಮಾಧ್ಯಮದವರಿಗೆ ಒಂದು ಲಾಭವಿದೆ, ಅದನ್ನು ಯಾರೂ ಬಳಸುತ್ತಿಲ್ಲ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಉಪಸರ್ಗ ಬದಲಾದರೆ ಅರ್ಥ ಎಲ್ಲಿಂದ ಎಲ್ಲಿಗೋ ಹೋಗುತ್ತದೆ ಎನ್ನುವುದನ್ನು ಇವರು ವ್ಯಾಕರಣದಲ್ಲಿ ಓದಿಕೊಂಡೇ ಬಂದಿರುತ್ತಾರೆ. ಹತ್ತು ನಿಮಿಷ ಅದನ್ನು ನೆನಪಿಸಿದರೆ ಸಾಕು, ‘ರಿ’, ‘ಪ್ರೊ’, ‘ಇನ್’ ಅಂದರೆ ಏನು ಎಂದು ಬಿಡಿಸಿ ಹೇಳುವ ಕೆಲಸವೇ ಉಳಿಯುವುದಿಲ್ಲ. ಕಾನ್ವೆಂಟ್ ಮಕ್ಕಳಿಗೆ ಇದನ್ನೇ ಹೇಳಲು ನನಗೆ ಎರಡು ಪಟ್ಟು ಸಮಯ ಬೇಕಾಯಿತು.

ಎರಡನೇ ದಿನ ಎರಡೇ ಹೊಸ ಪದ. ಕಂಪ್ಯೂಟರಿನಿಂದ ಪೆನ್‌ಡ್ರೈವ್ ತೆಗೆಯುವಾಗ ಕಾಣುವ ಎಜೆಕ್ಟ್, ಕೋರ್ಟು ಕಚೇರಿಯಲ್ಲಿ ಕೇಳುವ ಆಬ್ಜೆಕ್ಷನ್. ಪ್ರತಿ ಪದಕ್ಕೂ ಅದು ಸಿಗುವ ಜಾಗ ಇರಲೇಬೇಕು. ಜಾಗ ಹೇಳಲು ಆಗದ ಪದವನ್ನು, ಅದೆಷ್ಟು ಚೆಂದವಾಗಿ ಧಾತುವಿಗೆ ಕೂರಲಿ, ನಾನು ಆ ವಾರ ಕೊಡುವುದಿಲ್ಲ.

ಮೂರನೇ ದಿನ ನಿಜವಾದ ಪೇಚು. ನಾವು ಕನ್ನಡದಲ್ಲಿ ‘ರಿಜೆಕ್ಟ್ ಆಯ್ತು’, ‘ರಿಜೆಕ್ಟ್ ಮಾಡಿದ್ರು’ ಎನ್ನುತ್ತೇವೆ. ಇಂಗ್ಲಿಷ್ ಪದ ಅಲುಗಾಡದೆ ನಿಂತಿರುತ್ತದೆ, ಕ್ರಿಯೆಯ ಕೆಲಸವನ್ನೆಲ್ಲ ‘ಆಗು’, ‘ಮಾಡು’ಗಳೇ ನೋಡಿಕೊಳ್ಳುತ್ತವೆ. ಅದಕ್ಕೇ ಮಕ್ಕಳು ‘ಮೈ ಲೋನ್ ಈಸ್ ರಿಜೆಕ್ಟ್’ ಎಂದು ಬರೆಯುವುದು. ಪದ ಗೊತ್ತು, ಅದರ ರೂಪ ಗೊತ್ತಿಲ್ಲ. ಆದ್ದರಿಂದ ಆ ದಿನ ಹೊಸ ಪದವೇ ಇಲ್ಲ. ಒಂದೇ ಲೋನಿನ ಕಥೆಯನ್ನು ರಿಜೆಕ್ಟ್, ರಿಜೆಕ್ಟೆಡ್, ರಿಜೆಕ್ಷನ್ ಮೂರನ್ನೂ ಹಾಕಿ ಹೇಳಬೇಕು. ಉಚ್ಚಾರದ ಒತ್ತೂ ಆಗಲೇ: ಪ್ರಾಜೆಕ್ಟ್ ನಾಮಪದವಾದರೆ ಒತ್ತು ಮೊದಲಿಗೆ, ಕ್ರಿಯಾಪದವಾದರೆ ಕೊನೆಗೆ. ನಾಲ್ಕನೇ ದಿನ ಆ ಕಥೆಯನ್ನು ಪುಸ್ತಕ ಮುಚ್ಚಿ ಪಕ್ಕದವರಿಗೆ ಹೇಳುವುದು. ಈ ದಿನ ನಾನು ಮಾಡಿಸುವ ಒಂದು ಆಟವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು ನಡೆಯಬೇಕಲ್ಲ.

ಐದನೇ ದಿನ ಪರೀಕ್ಷೆ. ಕೇಳದೇ ಇದ್ದ ಒಂದು ಪದವನ್ನು ವಾಕ್ಯದೊಳಗೆ ಇಟ್ಟು ಕೊಡುತ್ತೇನೆ. ‘ರಿಸಲ್ಟ್ ನೋಡಿ ಅವನು ಡಿಜೆಕ್ಟೆಡ್ ಆಗಿ ಮನೆಗೆ ಬಂದ’ ಎನ್ನುವ ಅರ್ಥದ ಇಂಗ್ಲಿಷ್ ವಾಕ್ಯ. ನರ್ಸಿಂಗ್ ಹುಡುಗಿಯೊಬ್ಬಳು ಸ್ವಲ್ಪ ಹೊತ್ತು ಯೋಚಿಸಿ, “ಸರ್, ಕೆಳಕ್ಕೆ ಎಸೆದಂಗೆ... ಮುಖ ಸಪ್ಪಗೆ ಮಾಡ್ಕಂಡು ಬಂದ ಅಂತನಾ?” ಅಂದಳು. ಗೆಳೆಯ ಅವತ್ತು ಹಿಂದಿನ ಬೆಂಚಿನಲ್ಲೇ ಕೂತಿದ್ದ. ಅವನ ಮುಖ ನೀವು ನೋಡಬೇಕಿತ್ತು.

ಧಾತುಗಳ ಸರದಿಯಲ್ಲೂ ಲೆಕ್ಕವಿದೆ. ರೂಪ ಬದಲಿಸದವು ಮೊದಲು: ಜೆಕ್ಟ್, ಪೋರ್ಟ್, ಪ್ರೆಸ್, ಟ್ರಾಕ್ಟ್. ಕಂಡಕ್ಟರ್ ಎಲ್ಲರಿಗೂ ಗೊತ್ತು, ಆದರೆ ಅದೇ ಧಾತು ಇಂಟ್ರೊಡ್ಯೂಸ್, ರೆಡ್ಯೂಸ್‌ಗಳಲ್ಲಿ ವೇಷ ಹಾಕಿಕೊಂಡು ಬರುತ್ತದೆ. ಅಂಥವು ಎರಡನೇ ತಿಂಗಳಿಗೆ. ಇನ್ನೊಂದು, ವಿರುದ್ಧ ಪದಗಳನ್ನು ಒಂದೇ ವಾರ ಕೊಡಬೇಡಿ. ಇಂಪೋರ್ಟ್, ಎಕ್ಸ್‌ಪೋರ್ಟ್ ಒಟ್ಟಿಗೆ ಕೊಟ್ಟ ಬ್ಯಾಚಿನಲ್ಲಿ ಅರ್ಧಕ್ಕರ್ಧ ಮಂದಿ ಅದಲು ಬದಲು ಮಾಡಿದರು. ಎಕ್ಸ್‌ಪೋರ್ಟ್ ಗಟ್ಟಿಯಾಗಿ ಎರಡು ವಾರ ಕಳೆದ ಮೇಲೆ ಇಂಪೋರ್ಟ್ ಕೊಟ್ಟ ಬ್ಯಾಚಿನಲ್ಲಿ ಆ ತಕರಾರೇ ಬರಲಿಲ್ಲ.

ಮಕ್ಕಳು ಬುದ್ಧಿ ಓಡಿಸಲು ಶುರು ಮಾಡಿದ ಮೇಲೆ ತಪ್ಪುಗಳೂ ಬುದ್ಧಿವಂತಿಕೆಯಿಂದಲೇ ಆಗುತ್ತವೆ. ಪೆಟ್ರೋಲ್ ಟ್ಯಾಂಕರ್ ಹಿಂದೆ ಇನ್‌ಫ್ಲೇಮಬಲ್ ಎಂದು ಬರೆದಿರುತ್ತದಲ್ಲ, ಹುಡುಗನೊಬ್ಬ ಅದನ್ನು ‘ಬೆಂಕಿ ಹತ್ತದ್ದು’ ಎಂದು ಬಿಡಿಸಿದ. ಇನ್‌ಕರೆಕ್ಟ್‌ನಲ್ಲಿರುವ ‘ಅಲ್ಲ’ ಎನ್ನುವ ‘ಇನ್’ ಬೇರೆ, ಇಂಜೆಕ್ಷನ್‌ನ ‘ಒಳಗೆ’ ಎನ್ನುವ ‘ಇನ್’ ಬೇರೆ. ಟ್ಯಾಂಕರಿನ ಮೇಲಿರುವುದು ಎರಡನೆಯದು. ಏರ್‌ಪೋರ್ಟ್‌ನಲ್ಲಿರುವ ಪೋರ್ಟ್ ಕೂಡ ‘ಹೊರು’ ಅಲ್ಲ, ‘ಬಂದರು’. ಅದಕ್ಕೇ ಬಿಡಿಸಿದ ಅರ್ಥವನ್ನು ವಾಕ್ಯಕ್ಕೆ ಇಟ್ಟು ನೋಡದೆ ನಾನು ಒಪ್ಪುವುದಿಲ್ಲ. ಟ್ಯಾಂಕರ್ ಹಿಂದೆ ‘ಬೆಂಕಿ ಹತ್ತದ್ದು’ ಎಂದು ಯಾರಾದರೂ ಯಾಕೆ ಬರೆಸಬೇಕು ಎಂದು ಕೇಳಿದರೆ ಹುಡುಗನೇ ತಿದ್ದಿಕೊಳ್ಳುತ್ತಾನೆ.

ನಡುವೆ ಮೆಡಿಕಲ್ ಶಾಪ್ ಹುಡುಗರ ಜೊತೆ ಒಂದು ಪ್ರಯೋಗ ಮಾಡಿದೆ. ಗ್ಯಾಸ್ಟ್ರೈಟಿಸ್, ಆರ್ಥ್ರೈಟಿಸ್, ಟಾನ್ಸಿಲೈಟಿಸ್ ಅವರ ಕೌಂಟರಿನಲ್ಲೇ ಓಡಾಡುವ ಪದಗಳು. ‘ಐಟಿಸ್’ ಅಂದರೆ ಉರಿಯೂತ ಎಂದದ್ದೇ ತಡ, ಡರ್ಮಟಾಲಜಿಸ್ಟ್ ಬೋರ್ಡ್ ನೆನಪಿಸಿಕೊಂಡು ಡರ್ಮಟೈಟಿಸ್ ಚರ್ಮದ್ದು ಎಂದರು. ನನಗೆ ಭಾರಿ ಖುಷಿ. ಆದರೆ ತಿಂಗಳು ಕಳೆದರೂ ಗಿರಾಕಿಯ ಜೊತೆ ಎರಡು ವಾಕ್ಯ ಇಂಗ್ಲಿಷ್ ಬರಲಿಲ್ಲ. ಗುರುತಿಸುವ ಪದ ಬೇರೆ, ಆಡುವ ಪದ ಬೇರೆ. ಅದನ್ನು ಅಲ್ಲಿಗೇ ನಿಲ್ಲಿಸಿದೆ.

ಈ ವಿಧಾನಕ್ಕೆ ಹೊಸಬರನ್ನು ಸೇರಿಸಿಕೊಳ್ಳುವಾಗ ನಾನು ನೋಡುವುದು ಒಂದೇ: ಇವತ್ತು ಬೆಳಿಗ್ಗೆ ಏನೇನು ಮಾಡಿದೆ ಎಂದು ಐದಾರು ವಾಕ್ಯ ಹೇಳಲು ಬರುತ್ತದೆಯೇ? ಬರದಿದ್ದರೆ ಧಾತು ಮುಟ್ಟಿಸುವುದಿಲ್ಲ. ಗೆಟ್, ಪುಟ್, ಟೇಕ್, ಗೋ ಇವೆಲ್ಲ ಲ್ಯಾಟಿನ್ ಮೂಲದ ಪದಗಳಲ್ಲ, ಲ್ಯಾಟಿನ್ ಬೀಗದ ಕೈ ಅಲ್ಲಿ ತಿರುಗುವುದಿಲ್ಲ. ‘ಪುಟ್ ಆಫ್’ ಅಂದರೆ ಮುಂದೂಡು ಎಂದು ತುಂಡು ಮಾಡಿ ಕಂಡುಹಿಡಿಯಲು ಆಗದು. ಅದು ಮಾತಾಡಿಯೇ ಬರಬೇಕು. ಧಾತು ಕೆಲಸಕ್ಕೆ ಬರುವುದು ಅರ್ಜಿ, ಪತ್ರಿಕೆ, ಪಠ್ಯಪುಸ್ತಕದ ಇಂಗ್ಲಿಷಿಗೆ.

ಈಗ ಖರ್ಚು ತಲೆಗೆ ನಲವತ್ತು ರೂಪಾಯಿಯ ಒಂದು ನೋಟ್‌ಬುಕ್ ಮಾತ್ರ, ಪುಟಕ್ಕೊಂದು ಧಾತು. ಫೀ ಎಂಟುನೂರು ಮಾಡಿದ್ದೇನೆ, ಬ್ಯಾಚು ತುಂಬುತ್ತಿದೆ. ಸದ್ಯ ‘ಕಳಿಸು’ ಎನ್ನುವ ‘ಮಿಟ್’ ನಡೆದಿದೆ. ಬಸ್ಸಿನ ಪರ್ಮಿಟ್, ಆಸ್ಪತ್ರೆಯ ಅಡ್ಮಿಟ್, ಅವುಗಳಿಂದ ಪರ್ಮಿಷನ್, ಅಡ್ಮಿಷನ್, ಹಾಗೇ ದಲ್ಲಾಳಿಯ ಕಮಿಷನ್. ರೂಪ ಬದಲಿಸುವ ಧಾತುಗಳಲ್ಲಿ ಇದಕ್ಕಿಂತ ಸುಲಭದ್ದು ನನಗೆ ಸಿಕ್ಕಿಲ್ಲ. ಒಂದೇ ತೊಂದರೆ, ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಆ ಪುಟದ ಕೆಳಗೆ ‘ಮಿಸ್ ಕಾಲ್’ ಬರೆದು ತರುತ್ತಾರೆ.