100 ಸೆಕೆಂಡ್ ಬರಬೇಕಿದ್ದ ಕಡೆ 114 ಬಂತು

ಚಿಕ್ಕಮಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಫಿಸಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹೋದ ಮಳೆಗಾಲದಲ್ಲಿ ಕೆಪಾಸಿಟರ್ ಡಿಸ್ಚಾರ್ಜ್ ಪ್ರಯೋಗ ಮಾಡಿಸುತ್ತಿದ್ದೆ. ಮೂರು ಟೇಬಲ್, ಮೂರೂ ಕಡೆ ಒಂದೇ ಲೇಬಲ್ಲಿನ ಸಾಮಾನು: 1000 ಮೈಕ್ರೋಫ್ಯಾರಡ್, 25 ವೋಲ್ಟಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮತ್ತು 100 ಕಿಲೋ ಓಮ್ ರೆಸಿಸ್ಟರ್. ಎರಡನ್ನೂ ಗುಣಿಸಿದರೆ ಟೈಮ್ ಕಾನ್‌ಸ್ಟೆಂಟ್, ಅಂದರೆ ವೋಲ್ಟೇಜ್ ಶುರುವಿನದರ ಸುಮಾರು 37 ಶೇಕಡಕ್ಕೆ ಇಳಿಯಲು ಬೇಕಾದ ಸಮಯ, 100 ಸೆಕೆಂಡ್. ಲೆಕ್ಕಕ್ಕೆ ಸುಲಭ ಅಂತ ನಾನೇ ಈ ಜೋಡಿ ಆರಿಸಿದ್ದೆ.

ಮೊದಲ ಟೇಬಲ್ಲಿಗೆ 114 ಬಂತು. ಎರಡನೆಯದಕ್ಕೆ 92. ಮೂರನೆಯದಕ್ಕೆ 72. ಮೊದಲ ಟೇಬಲ್ಲಿನ ಹುಡುಗಿ ರೆಕಾರ್ಡ್ ಹಿಡಿದುಕೊಂಡು ಬಂದು, "ಮೇಡಂ, ನಮ್ದು ತಪ್ಪಾಗಿದೆ ಅನ್ಸುತ್ತೆ, ಇನ್ನೊಂದ್ಸಲ ರೀಡಿಂಗ್ ತಗೊಳ್ಲಾ?" ಅಂದಳು. ಅವಳ ಗ್ರಾಫ್ ನೋಡಿದೆ. ತಪ್ಪೇನೂ ಇರಲಿಲ್ಲ. ನಿಜವಾಗಿ ತಪ್ಪಿದ್ದದ್ದು ಮೂರನೇ ಟೇಬಲ್ಲಿನಲ್ಲಿ. ಯಾವುದು ಸಾಮಾನಿನ ವ್ಯತ್ಯಾಸ, ಯಾವುದು ನಮ್ಮ ತಪ್ಪು ಅಂತ ಆ ದಿನ ಹೇಗೆ ಬಿಡಿಸಿಕೊಂಡೆವು ಅನ್ನೋದನ್ನು ಬರೆಯುತ್ತೇನೆ.

ಮೊದಲು ಸರ್ಕ್ಯೂಟ್. ಕೆಪಾಸಿಟರಿಗೆ ಅಡ್ಡಲಾಗಿ ರೆಸಿಸ್ಟರ್, ಅದಕ್ಕೇ ಅಡ್ಡಲಾಗಿ ಮೀಟರ್. 9 ವೋಲ್ಟ್ ಬ್ಯಾಟರಿಯಿಂದ ಚಾರ್ಜ್ ಮಾಡಿ, ಬ್ಯಾಟರಿಯ ಒಂದು ವೈರ್ ತೆಗೆದರೆ ಸಾಕು, ಡಿಸ್ಚಾರ್ಜ್ ಶುರು. ಎಲೆಕ್ಟ್ರೋಲಿಟಿಕ್ಕಿಗೆ ಪ್ಲಸ್ ಮೈನಸ್ ಇರುತ್ತದೆ, ಅದನ್ನು ತಿರುಗಿಸಿ ಹಾಕಬಾರದು. ಬ್ಯಾಟರಿ ಜೋಡಿಸಿ ಐದು ನಿಮಿಷ ಹಾಗೇ ಬಿಡುತ್ತೇನೆ. ವರ್ಷಗಟ್ಟಲೆ ಡಬ್ಬಿಯಲ್ಲಿ ಸುಮ್ನೆ ಬಿದ್ದಿದ್ದ ಎಲೆಕ್ಟ್ರೋಲಿಟಿಕ್ಕಿನಲ್ಲಿ ಮೊದಮೊದಲು ಸೋರಿಕೆ ಜಾಸ್ತಿ. ಚಾರ್ಜ್ ಆದ ಕೂಡಲೇ ವೈರ್ ಕಿತ್ತರೆ ಮೊದಲ ಕೆಲವು ರೀಡಿಂಗ್ ಬೇಗ ಇಳಿದುಬಿಡುತ್ತವೆ. ನಮ್ಮ ಊರಲ್ಲಿ ಜುಲೈನಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಬ್ಯಾಟರಿ ಇಟ್ಟುಕೊಂಡರೆ ಆ ಚಿಂತೆಯಿಲ್ಲ.

ಸ್ಟಾಪ್‌ವಾಚನ್ನೂ ಮೀಟರನ್ನೂ ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಹೇಳಿದ್ದೆ. ಆಮೇಲೆ ನಿಲ್ಲಿಸಿ ನಿಲ್ಲಿಸಿ ಓದಿಕೊಳ್ಳಬಹುದು. ಒಬ್ಬರು ಕೂಗಿ ಇನ್ನೊಬ್ಬರು ಬರೆದುಕೊಳ್ಳುವ ಗಡಿಬಿಡಿಗಿಂತ ಇದು ಎಷ್ಟೋ ವಾಸಿ.

ಮೊದಲ ಟೇಬಲ್ಲಿನ ರೀಡಿಂಗುಗಳಲ್ಲಿ ಕೆಲವು ಹೀಗಿದ್ದವು. ಶುರುವಿನಲ್ಲಿ 9.00 ವೋಲ್ಟ್. 60 ಸೆಕೆಂಡಿಗೆ 5.32. 120ಕ್ಕೆ 3.14. 180ಕ್ಕೆ 1.86. 240ಕ್ಕೆ 1.10. 300ಕ್ಕೆ 0.65. ಸಾಮಾನ್ಯ ಗ್ರಾಫ್ ಹಾಳೆಯಲ್ಲಿ ಇದು ಬಾಗಿದ ಗೆರೆ. ಬಾಗಿದ ಗೆರೆ ಸರಿಯಾಗಿದೆಯೋ ಇಲ್ಲವೋ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಸೆಮಿಲಾಗ್ ಹಾಳೆ. ಅದರಲ್ಲಿ ಸಮಯದ ಕಡೆ ಮನೆಗಳು ಸಮವಾಗಿರುತ್ತವೆ, ವೋಲ್ಟೇಜ್ ಕಡೆ ಲಾಗ್ ಅಳತೆ. 10ರಿಂದ 1ಕ್ಕೆ ಎಷ್ಟು ಉದ್ದವೋ 1ರಿಂದ 0.1ಕ್ಕೂ ಅಷ್ಟೇ ಉದ್ದ. ಎರಡು ಸೈಕಲ್ಲಿನ ಹಾಳೆ ಇದಕ್ಕೆ ಸಾಕು. ಡಿಸ್ಚಾರ್ಜಿನ ಸೂತ್ರ ಇದು:

```
V = V0 · e^(-t/RC)
```

ಎರಡೂ ಕಡೆ ಲಾಗ್ ತೆಗೆದರೆ ಇದು ನೇರ ಗೆರೆಯಾಗುತ್ತದೆ. ಗೆರೆಯ ಇಳಿಜಾರಿನಲ್ಲಿ RC ಇರುತ್ತದೆ.

ಇಳಿಜಾರು ತೆಗೆಯಲು ನಾನು ಒಂದೇ ದಾರಿ ಹಿಡಿಯುತ್ತೇನೆ. ಗೆರೆಯ ಮೇಲೆ ಒಂದು ವೋಲ್ಟೇಜ್, ಅದರ ಸರಿಯಾಗಿ ಹತ್ತರಲ್ಲಿ ಒಂದು ಭಾಗದ ಇನ್ನೊಂದು ವೋಲ್ಟೇಜ್ ಆರಿಸಿಕೊಳ್ಳುವುದು. ಆ ಹುಡುಗಿಯ ಗೆರೆ 8 ವೋಲ್ಟನ್ನು 13ನೇ ಸೆಕೆಂಡಿನಲ್ಲಿ ದಾಟಿತ್ತು, 0.8 ವೋಲ್ಟನ್ನು 276ನೇ ಸೆಕೆಂಡಿನಲ್ಲಿ. ನಡುವೆ 263 ಸೆಕೆಂಡ್. ಹತ್ತರ ನ್ಯಾಚುರಲ್ ಲಾಗ್ 2.303. ಅದರಿಂದ 263ನ್ನು ಭಾಗಿಸಿದರೆ 114. ಇಲ್ಲಿ 8 ಮತ್ತು 0.8 ರೀಡಿಂಗುಗಳಲ್ಲ, ಎಳೆದ ಗೆರೆಯ ಮೇಲಿನ ಜಾಗಗಳು. ಮಕ್ಕಳು ಎರಡು ರೀಡಿಂಗನ್ನೇ ಎತ್ತಿಕೊಂಡುಬಿಡುತ್ತಾರೆ. ಹಾಗೆ ಮಾಡಿದರೆ ಉಳಿದ ಹತ್ತು ಹನ್ನೆರಡು ರೀಡಿಂಗ್ ತೆಗೆದದ್ದು ದಂಡ ಆಗುತ್ತದೆ, ಅಲ್ವಾ?

ವೋಲ್ಟೇಜ್ 37 ಶೇಕಡಕ್ಕೆ ಇಳಿದ ಸಮಯವನ್ನು ನೇರವಾಗಿ ಓದಿದರೆ ಆಗಲ್ವಾ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಆಗುತ್ತದೆ. ಆದರೆ ಸ್ಟಾಪ್‌ವಾಚ್ ಒತ್ತುವುದು 3 ಸೆಕೆಂಡ್ ತಡವಾದರೆ 114 ಇದ್ದದ್ದು 111 ಆಗಿಬಿಡುತ್ತದೆ. ಸೆಮಿಲಾಗ್ ಹಾಳೆಯಲ್ಲಿ ಅದೇ 3 ಸೆಕೆಂಡ್ ಇಡೀ ಗೆರೆಯನ್ನು ಪಕ್ಕಕ್ಕೆ ಸರಿಸುತ್ತದೆ ಅಷ್ಟೇ, ಇಳಿಜಾರು ಬದಲಾಗುವುದಿಲ್ಲ. ಬ್ಯಾಟರಿ ಹಳೆಯದಾಗಿ 8.4 ವೋಲ್ಟ್ ಕೊಟ್ಟರೂ ಇಷ್ಟೇ. ಗೆರೆ ಕೆಳಗೆ ಸರಿಯುತ್ತದೆ, ಆದರೆ ಮೊದಲಿನದಕ್ಕೆ ಸಮಾನಾಂತರವಾಗಿಯೇ ಇರುತ್ತದೆ.

ಗೆರೆ ಎಳೆಯುವಾಗ ಕೆಳಗಿನ ತುದಿಯನ್ನು ಜಾಸ್ತಿ ನಂಬಬಾರದು. 20 ವೋಲ್ಟ್ ರೇಂಜಿನಲ್ಲಿ ಮೀಟರಿನ ಕೊನೆಯ ಅಂಕಿ 0.01 ವೋಲ್ಟ್. 5 ವೋಲ್ಟಿನ ಹತ್ತಿರ ಅದು ಲೆಕ್ಕಕ್ಕೇ ಬರುವುದಿಲ್ಲ. 0.2 ವೋಲ್ಟಿನಲ್ಲಿ ಅದೇ ಒಂದು ಅಂಕಿ ಶೇಕಡ 5. ಲಾಗ್ ಹಾಳೆ ಆ ಕೆಳಗಿನ ಭಾಗವನ್ನು ಹಿಗ್ಗಿಸಿ ತೋರಿಸುವುದರಿಂದ ಅಲ್ಲಿ ಚುಕ್ಕೆಗಳು ಅಲ್ಲಾಡುತ್ತವೆ. ಇನ್ನೊಂದು ಕಾರಣವೂ ಇದೆ. ಎಲೆಕ್ಟ್ರೋಲಿಟಿಕ್ ತನ್ನ ಪದರದೊಳಗೆ ಹಿಡಿದಿಟ್ಟುಕೊಂಡ ಚಾರ್ಜನ್ನು ನಿಧಾನವಾಗಿ ವಾಪಸ್ ಬಿಡುತ್ತದೆ. ಹಾಗಾಗಿ ಬಾಲ ಸ್ವಲ್ಪ ಮೇಲಕ್ಕೆ ಬಾಗುತ್ತದೆ. ನೋಡಬೇಕಿದ್ದರೆ ಕೆಪಾಸಿಟರನ್ನು ಒಂದೆರಡು ಸೆಕೆಂಡ್ ಶಾರ್ಟ್ ಮಾಡಿ ಬಿಡಿ. ಸೊನ್ನೆಗೆ ಬಂದ ವೋಲ್ಟೇಜ್ ತಾನಾಗಿಯೇ ಮತ್ತೆ ಸ್ವಲ್ಪ ಏರುತ್ತದೆ. ಅದಕ್ಕೇ ನಾನು 0.5 ವೋಲ್ಟಿಗಿಂತ ಕೆಳಗಿನ ಚುಕ್ಕೆಗಳನ್ನು ಹಾಕಿಸುತ್ತೇನೆ, ಆದರೆ ಗೆರೆಯನ್ನು ಅವುಗಳ ಮೇಲೆ ಕೂರಿಸಲು ಬಿಡುವುದಿಲ್ಲ.

ಚುಕ್ಕೆಗಳ ನಡುವೆ ಎಳೆಯಬಹುದಾದ ಅತಿ ಕಡಿದಾದ ಗೆರೆ ಮತ್ತು ಅತಿ ಚಪ್ಪಟೆ ಗೆರೆ ಎರಡನ್ನೂ ಎಳೆಸಿದೆ. 112 ಮತ್ತು 116 ಬಂದವು. ಅಂದರೆ ಆ ಹುಡುಗಿಯ ಅಳತೆ 114, ಹೆಚ್ಚುಕಡಿಮೆ 2 ಸೆಕೆಂಡ್. 100 ಅದರೊಳಗೆ ಬರುವುದೇ ಇಲ್ಲ. ಹಾಗಾದರೆ ತಪ್ಪು ಯಾವುದು? 100 ಅನ್ನೋದನ್ನು ಯಾರೂ ಅಳೆದಿರಲಿಲ್ಲ. ಅದು ಲೇಬಲ್ ಮೇಲಿದ್ದದ್ದು.

ರೆಸಿಸ್ಟರಿನ ಕೊನೆಯ ಪಟ್ಟಿ ಚಿನ್ನದ ಬಣ್ಣ, ಅಂದರೆ ಹೆಚ್ಚುಕಡಿಮೆ ಶೇಕಡ 5. ನಮ್ಮ ಕೆಪಾಸಿಟರಿನದು ಶೇಕಡ 20, ಎಲೆಕ್ಟ್ರೋಲಿಟಿಕ್ಕಿನಲ್ಲಿ ಇದು ಮಾಮೂಲಿ. M ಅನ್ನುವ ಅಕ್ಷರ ಕಂಡರೆ ಅದರ ಅರ್ಥ ಇದೇ. ಅದರೊಳಗಿನ ಅಲ್ಯುಮಿನಿಯಂ ಹಾಳೆಯನ್ನು ಆಸಿಡ್ ತಿನ್ನಿಸಿ ಒರಟು ಮಾಡಿ, ಮೇಲೆ ತೆಳ್ಳಗೆ ಆಕ್ಸೈಡ್ ಬೆಳೆಸಿರುತ್ತಾರೆ. ಆ ಒರಟು ಮೈ, ಆ ತೆಳು ಪದರ ಪ್ರತಿ ಕೆಪಾಸಿಟರಿನಲ್ಲೂ ಒಂದೇ ಥರ ಬರುವುದು ಕಷ್ಟ. ಎರಡೂ ಸಾಮಾನು ತಮ್ಮ ಕೆಳಗಿನ ಮಿತಿಯಲ್ಲಿದ್ದರೆ 0.95 ಗುಣಿಸು 0.8, ಅಂದರೆ 76 ಸೆಕೆಂಡ್. ಎರಡೂ ಮೇಲಿನ ಮಿತಿಯಲ್ಲಿದ್ದರೆ 126. ಲೇಬಲ್ ಕೊಡುವ ಮಾತು 76ರಿಂದ 126. ನಮ್ಮ ಅಳತೆ 112ರಿಂದ 116. ಎರಡಕ್ಕೂ ಜಗಳವೇ ಇಲ್ಲ. ಲೇಬಲ್ಲಿಗಿಂತ ಹುಡುಗಿಯ ಗ್ರಾಫೇ ಹೆಚ್ಚು ನಿಖರ.

ಹೆಚ್ಚಾದದ್ದು ಯಾವುದರಲ್ಲಿ ಅಂತಲೂ ನೋಡಿದೆವು. ರೆಸಿಸ್ಟರನ್ನು ಸರ್ಕ್ಯೂಟಿನಿಂದ ಬಿಚ್ಚಿ ಅಳೆದಾಗ 98.6 ಕಿಲೋ ಓಮ್. ಅದರ ಜೊತೆಗೆ ಮೀಟರಿನ ಒಳಗಿನ 10 ಮೆಗಾ ಓಮ್ ಕೂಡ ಅಡ್ಡಲಾಗಿ ಕೂತಿರುತ್ತದೆ. ಎರಡೂ ಸೇರಿ 97.6 ಕಿಲೋ ಓಮ್. ಅದರಿಂದ 114ನ್ನು ಭಾಗಿಸಿದರೆ ಕೆಪಾಸಿಟರ್ ಸುಮಾರು 1168 ಮೈಕ್ರೋಫ್ಯಾರಡ್. ಲೇಬಲ್ಲಿಗಿಂತ ಶೇಕಡ 17 ಜಾಸ್ತಿ, ಮಿತಿಯೊಳಗೇ ಇದೆ. ಎರಡನೇ ಟೇಬಲ್ಲಿನ ರೆಸಿಸ್ಟರ್ 101.2, ಅವರ ಕೆಪಾಸಿಟರ್ 918. ನಂಬಿಕೆ ಬರಲಿ ಅಂತ ಎರಡೂ ಟೇಬಲ್ಲಿನ ಕೆಪಾಸಿಟರುಗಳನ್ನು ಅದಲುಬದಲು ಮಾಡಿಸಿದೆ. ಈಗ ಮೊದಲ ಟೇಬಲ್ಲಿಗೆ 90, ಎರಡನೆಯದಕ್ಕೆ 117. ದೊಡ್ಡ ಅಂಕಿ ಕೆಪಾಸಿಟರಿನ ಹಿಂದೆಯೇ ಹೋಯಿತು. ಆಮೇಲೆ ಆ ಹುಡುಗಿ ರೀಡಿಂಗ್ ತಿದ್ದುವ ಮಾತಾಡಲಿಲ್ಲ.

ಇನ್ನು ಮೂರನೇ ಟೇಬಲ್. 72 ಅನ್ನೋದು 76ಕ್ಕಿಂತ ಕೆಳಗೆ. ಇದನ್ನು ಸಾಮಾನಿನ ಟಾಲರೆನ್ಸಿನ ಮೇಲೆ ಹಾಕಲಾಗದು. ಏನೋ ಬೇರೆ ಕಾರಣ ಇರಲೇಬೇಕು. ಅವರ ಗ್ರಾಫ್ ತರಿಸಿದೆ. 9 ವೋಲ್ಟಿನಿಂದ 2 ವೋಲ್ಟಿನವರೆಗೆ ಗೆರೆ ಕಡ್ಡಿಯಷ್ಟು ನೇರ. 2 ವೋಲ್ಟಿನಲ್ಲಿ ಮುರಿದು, ಅಲ್ಲಿಂದ ಮುಂದೆ ಮತ್ತೊಂದು ನೇರ ಗೆರೆ, ಇನ್ನೂ ಕಡಿದಾಗಿ. ಎರಡನೇ ಭಾಗದ ಟೈಮ್ ಕಾನ್‌ಸ್ಟೆಂಟ್ 36. ಸರಿಯಾಗಿ ಅರ್ಧ.

"2 ವೋಲ್ಟ್ ಹತ್ರ ಏನ್ ಮಾಡಿದ್ರಿ?" ಅಂತ ಕೇಳಿದೆ.

"ಏನೂ ಇಲ್ಲ ಮೇಡಂ, ಮುಳ್ಳು ತುಂಬ ಕೆಳಗಿತ್ತು. ರೇಂಜ್ ಚೇಂಜ್ ಮಾಡಿದ್ವಿ ಅಷ್ಟೇ."

ಡಿಜಿಟಲ್ ಮೀಟರ್ ಎರಡೇ ಇದ್ದವು. ಅವರಿಗೆ ಮುಳ್ಳಿನ ಹಳೆ ಮಲ್ಟಿಮೀಟರ್ ಸಿಕ್ಕಿತ್ತು. ಕೊಟ್ಟವಳು ನಾನೇ. ಅದರ ಡಯಲ್ ಮೇಲೆ `20kΩ/V` ಅಂತ ಬರೆದಿತ್ತು. 10 ವೋಲ್ಟ್ ರೇಂಜಿನಲ್ಲಿ ಆ ಮೀಟರ್ 200 ಕಿಲೋ ಓಮ್ ಆಗಿರುತ್ತದೆ. 100 ಕಿಲೋ ಓಮಿಗೆ ಅದು ಅಡ್ಡಲಾದರೆ 66.7. ಕೆಪಾಸಿಟರ್ ಮೀಟರಿನ ಮೂಲಕವೂ ಖಾಲಿಯಾಗುತ್ತದೆ. 2.5 ವೋಲ್ಟ್ ರೇಂಜಿಗೆ ಬಂದ ಕೂಡಲೇ ಮೀಟರ್ 50 ಕಿಲೋ ಓಮ್, ಒಟ್ಟು 33.3. ಅದಕ್ಕೇ ಇಳಿಜಾರು ಎರಡು ಪಟ್ಟಾಯಿತು. 72ನ್ನು 66.7ರಿಂದ ಭಾಗಿಸಿದರೆ ಕೆಪಾಸಿಟರ್ 1080. 36ನ್ನು 33.3ರಿಂದ ಭಾಗಿಸಿದರೂ 1080. ಡಿಜಿಟಲ್ ಮೀಟರ್ ಹಾಕಿ ಮತ್ತೆ ಅಳೆಸಿದೆ, 107 ಬಂತು. 99 ಕಿಲೋ ಓಮಿಗೆ 1080 ಕೊಡಬೇಕಾದದ್ದೂ ಅದೇ.

ನನ್ನನ್ನು ಹೆಚ್ಚು ಕಾಡಿದ್ದು ಆ ಮೊದಲ ಭಾಗದ ನೇರ ಗೆರೆ. ಅವರು ರೇಂಜ್ ಬದಲಾಯಿಸದೆ ಇದ್ದಿದ್ದರೆ ಗೆರೆ ಎಲ್ಲೂ ಮುರಿಯುತ್ತಿರಲಿಲ್ಲ. ಮೀಟರ್ ಕೂಡ ಒಂದು ರೆಸಿಸ್ಟರೇ ಆದ್ದರಿಂದ ಅದು ಸೇರಿದಾಗಲೂ ಗೆರೆ ನೇರವಾಗಿಯೇ ಇರುತ್ತದೆ, ಇಳಿಜಾರು ಮಾತ್ರ ಬೇರೆ. ಕೆಪಾಸಿಟರ್ 1200ರ ಹತ್ತಿರ ಇದ್ದಿದ್ದರೆ 80 ಬಂದು ಮಿತಿಯೊಳಗೇ ಕೂತುಬಿಡುತ್ತಿತ್ತು. ಟಾಲರೆನ್ಸ್ ಅಂತ ಬರೆದು ನಾನೂ ಸಹಿ ಹಾಕಿಬಿಡುತ್ತಿದ್ದೆ.

ಅದಕ್ಕೆ ಈಗ ಪ್ರಯೋಗಕ್ಕೆ ಮುಂಚೆ ಮೀಟರನ್ನೇ ಅಳೆಸುತ್ತೇನೆ. ಅದನ್ನು ಡಿಸಿ ವೋಲ್ಟ್ ರೇಂಜಿನಲ್ಲಿಟ್ಟು, ಇನ್ನೊಂದು ಮೀಟರನ್ನು ಓಮ್ ರೇಂಜಿನಲ್ಲಿಟ್ಟು, ಎರಡರ ಪ್ರೋಬ್ ಜೋಡಿಸಿದರೆ ಒಳಗಿನ ಓಮ್ ಎಷ್ಟು ಅಂತ ಕಾಣುತ್ತದೆ. ಎಲ್ಲ ಡಿಜಿಟಲ್ ಮೀಟರೂ 10 ಮೆಗಾ ಓಮ್ ಇರುವುದಿಲ್ಲ. ಕಡಿಮೆ ಬೆಲೆಯ ಚಿಕ್ಕ ಮೀಟರುಗಳಲ್ಲಿ 1 ಮೆಗಾ ಓಮ್ ಇರುವುದೂ ಉಂಟು. ನಮ್ಮ 100 ಕಿಲೋ ಓಮಿಗೆ ಅದು ಅಡ್ಡ ಬಂದರೆ ಶೇಕಡ 9 ಕಡಿಮೆಯಾಗುತ್ತದೆ. ಆ ಅಂಕಿಯನ್ನು ಮಕ್ಕಳು ರೆಕಾರ್ಡಿನ ಮೊದಲ ಸಾಲಿನಲ್ಲೇ ಬರೆಯಬೇಕು.

ಮೂರೂ ಕೆಪಾಸಿಟರುಗಳ ಮೈಮೇಲೆ ಚೀಟಿ ಅಂಟಿಸಿ 1168, 918, 1080 ಅಂತ ಬರೆದಿದ್ದೇನೆ. ಈ ವರ್ಷದ ಬ್ಯಾಚಿಗೆ ಕೊಡುವಾಗ ಚೀಟಿ ಕಿತ್ತು ಕೊಟ್ಟೆ. ನನ್ನ ಹತ್ತಿರ ಇನ್ನೊಂದು ಪಟ್ಟಿ ಇದೆ.