ಚೀಲ ಉರು ಹೊಡೆದ ಮಾಡೆಲ್

ಅಡಿಕೆ ಫೋಟೋ ನೋಡಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ದರ್ಜೆ ಬೇರೆ ಮಾಡುವ ಕಂಪ್ಯೂಟರ್ ಮಾಡೆಲ್ ಮಾಡ್ತೀನಿ ಅಂದಾಗ ನಕ್ಕವರೇ ಜಾಸ್ತಿ. ಈಗ ಅದು ಓಡುತ್ತಿದೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಮೊದಲ ಸಲ 60 ಚೀಲಗಳಿಂದ ಫೋಟೋ ತೆಗೆದೆ. ಒಂದು ದರ್ಜೆಗೆ 15 ಚೀಲ, ಒಂದು ಚೀಲಕ್ಕೆ 40 ಫೋಟೋ, ಒಟ್ಟು 2,400. ಚಿತ್ರ ಗುರುತಿಸಲು ಮೊದಲೇ ಕಲಿತಿರುವ ರೆಸ್‌ನೆಟ್-50 ಅನ್ನೋ ಮಾಡೆಲ್ಲಿಗೆ ಇವನ್ನು ಕಲಿಸಿ ಫೈನ್‌ಟ್ಯೂನ್ ಮಾಡಿದೆ. ಟ್ರೈನಿಂಗ್‌ನಲ್ಲಿ, ಅಂದರೆ ಕಲಿಸಿದ ಫೋಟೋಗಳ ಮೇಲೆ, ನೂರಕ್ಕೆ 99 ಸರಿ. ವ್ಯಾಲಿಡೇಶನ್‌ನಲ್ಲಿ, ಅಂದರೆ ಪರೀಕ್ಷೆಗೆಂದು ಎತ್ತಿಟ್ಟ ಫೋಟೋಗಳ ಮೇಲೆ, 97. ಎದೆಯುಬ್ಬಿಸಿ ಮಂಡಿಗೆ ಹೋದೆ. ಅಲ್ಲಿ ಹತ್ತರಲ್ಲಿ ನಾಲ್ಕು ತಪ್ಪು. ಸಾಹುಕಾರರು "ತಮ್ಮಾ, ನಮ್ಮ ಹಮಾಲಿ ಕಣ್ಣು ಮುಚ್ಚಿ ಕೈಯಾಡಿಸಿದ್ರೂ ಇದಕ್ಕಿಂತ ಚೆನ್ನಾಗಿ ಹೇಳ್ತಾನೆ" ಅಂದರು.

ಓವರ್‌ಫಿಟ್ಟಿಂಗ್, ಅಂದರೆ ಮಾಡೆಲ್ ಕಲಿಯದೆ ಬರೀ ಉರು ಹೊಡೆದಿದೆ ಅಂತ ಅನುಮಾನ ಬರಲೇ ಇಲ್ಲ. ಟ್ರೈನಿಂಗ್‌ಗೂ ವ್ಯಾಲಿಡೇಶನ್‌ಗೂ ಬರೀ ಎರಡು ಅಂಕದ ಅಂತರ ಅಲ್ವಾ? ಗೆಳೆಯನೊಬ್ಬ "ಇನ್ನೂ ದೊಡ್ಡ ಮಾಡೆಲ್ ಹಾಕು ಮಾರಾಯಾ" ಅಂದ. ಹಾಕಿದೆ. ಡ್ರಾಪ್‌ಔಟ್, ವೆಯ್ಟ್ ಡಿಕೇ ಅಂತ ಕಲಿಕೆಯ ಸೆಟ್ಟಿಂಗ್‌ಗಳನ್ನೂ ಬದಲಿಸಿ ನೋಡಿದೆ. ಮಾಡೆಲ್ ಕಲಿಸುವ ಜಿಪಿಯು ಯಂತ್ರದ ಬಾಡಿಗೆಗೇ ಹದಿನಾರು ಸಾವಿರ ರೂಪಾಯಿ ಹತ್ತಿರ ಹೋಯಿತು. ವ್ಯಾಲಿಡೇಶನ್ 98 ಆಯಿತು. ಮಂಡಿಯಲ್ಲಿ ಮಾತ್ರ ಅದೇ 60.

ಆಗ ನೆನಪಾಗಿದ್ದು ನನ್ನ ಹೈಸ್ಕೂಲ್ ಗಣಿತ. ಗೈಡಿನಲ್ಲಿ ಎರಡು ನಲ್ಲಿಗಳ ಲೆಕ್ಕ ಇತ್ತು. ಒಂದು ನಲ್ಲಿ 12 ಗಂಟೆಯಲ್ಲಿ, ಇನ್ನೊಂದು 6 ಗಂಟೆಯಲ್ಲಿ ತೊಟ್ಟಿ ತುಂಬಿಸುತ್ತವೆ. ಎರಡೂ ಒಟ್ಟಿಗೆ ಬಿಟ್ಟರೆ 4 ಗಂಟೆ. ನಾನು ಪೂರ್ತಿ ಉರು ಹೊಡೆದಿದ್ದೆ. ಯೂನಿಟ್ ಟೆಸ್ಟಿಗೆ ಮೇಷ್ಟ್ರು ಅದೇ ಗೈಡಿನಿಂದ ಪ್ರಶ್ನೆ ತೆಗೆಯುತ್ತಿದ್ದರು, 25ಕ್ಕೆ 24 ಬರುತ್ತಿತ್ತು. ವಾರ್ಷಿಕ ಪರೀಕ್ಷೆಯಲ್ಲಿ 10 ಗಂಟೆ, 15 ಗಂಟೆ ಅಂತ ಕೊಟ್ಟರು. ಉತ್ತರ 6. ನಾನು ಬರೆದಿದ್ದು 4. ನನ್ನ ವ್ಯಾಲಿಡೇಶನ್ನೂ ಆ ಯೂನಿಟ್ ಟೆಸ್ಟೇ ಇರಬಹುದಾ ಅನ್ನಿಸಿತು.

ಇದನ್ನು ಹಿಡಿಯಲು ಒಂದು ಕಿತಾಪತಿ ಮಾಡಿದೆ. ಪ್ರತಿ ಚೀಲಕ್ಕೂ ಚೀಟಿ ಎತ್ತಿ ಸುಳ್ಳು ದರ್ಜೆ ಕೊಟ್ಟೆ. ಬೆಟ್ಟೆ ಚೀಲದ 40 ಫೋಟೋಗಳಿಗೂ "ಸರಕು" ಅಂತ ಬರೆದೆ, ಹೀಗೆ. ಅದರ ಮೇಲೆ ಮತ್ತೆ ಕಲಿಸಿದೆ. ಈಗ ಕಲಿಯಲು ಏನೂ ಇಲ್ಲ, ನಿಯತ್ತಿನ ಪರೀಕ್ಷೆಯಾದರೆ ನಾಲ್ಕು ದರ್ಜೆಯಲ್ಲಿ ಒಂದನ್ನು ಊಹಿಸಿದ ಹಾಗೆ 25ರ ಆಸುಪಾಸು ಬರಬೇಕು. ನನ್ನ ಹಳೇ ವ್ಯಾಲಿಡೇಶನ್ ಕೊಟ್ಟಿದ್ದು 93! ಗೈಡಿನಲ್ಲಿ ತಪ್ಪು ಅಚ್ಚಾದ ಉತ್ತರವನ್ನೇ ಹುಡುಗ ಒಪ್ಪಿಸಿದ, ಮೇಷ್ಟ್ರು ಅದೇ ಗೈಡ್ ನೋಡಿ ಮಾರ್ಕ್ಸ್ ಹಾಕಿದರು.

ಕಾರಣ ಸರಳ. ಫೋಟೋಗಳನ್ನು ಸುಮ್ನೆ ಕಲಸಿ ಹಂಚಿದ್ದೆ. ಒಂದು ಚೀಲದ 32 ಫೋಟೋ ಪಾಠಕ್ಕೆ ಹೋದರೆ, ಅದೇ ಚೀಲದ 8 ಪರೀಕ್ಷೆಗೆ. ಅಡಿಕೆಗೆ ಹಾಕಿದ ಅದೇ ಚೊಗರಿನ ಬಣ್ಣ, ಅದೇ ಬೆಳಕು, ಎಷ್ಟೋ ಸಲ ಅದೇ ಅಡಿಕೆ. ದರ್ಜೆ ಗೊತ್ತಿರಬೇಕಾಗಿಲ್ಲ, ಚೀಲದ ಗುರುತು ಸಿಕ್ಕರೆ ಸಾಕು. ಮದ್ದು ಪೈಥಾನ್‌ನ scikit-learn ಲೈಬ್ರರಿಯ ಎರಡೇ ಸಾಲು:

```python
gkf = GroupKFold(n_splits=5)
for tr, va in gkf.split(X, y, groups=bag_id): ...
```

ಒಂದು ಚೀಲ ಪೂರ್ತಿ ಪಾಠಕ್ಕೆ, ಇಲ್ಲವೇ ಪೂರ್ತಿ ಪರೀಕ್ಷೆಗೆ. ನಿಜವಾದ ಲೇಬಲ್ ಹಾಕಿ ಓಡಿಸಿದರೆ 97 ಇದ್ದದ್ದು 62ಕ್ಕೆ ಬಿತ್ತು. ಖುಷಿಯಾಯಿತು! ಮಂಡಿಯ ಅಂಕಿ ಮೊದಲ ಸಲ ನನ್ನ ಕಂಪ್ಯೂಟರಿನಲ್ಲೇ ಕಾಣಿಸಿತ್ತು. ಇದರಿಂದ ಮಾಡೆಲ್ ಸುಧಾರಿಸಲಿಲ್ಲ, ಪರೀಕ್ಷೆ ಮಾತ್ರ ಸರಿಯಾಯಿತು.

ಸುಧಾರಿಸಲು ದುಡ್ಡನ್ನು ಜಿಪಿಯು ಬಿಟ್ಟು ಡೀಸೆಲ್‌ಗೆ ಹಾಕಿದೆ. ಊರೂರು ಸುತ್ತಿ 220 ಚೀಲ, ಚೀಲಕ್ಕೆ ಆರೇ ಫೋಟೋ. ಒಟ್ಟು 1,300ರ ಸುಮಾರು, ಮೊದಲಿನ ಅರ್ಧ ಚಿಲ್ಲರೆ. ಖರ್ಚು ಒಂಬತ್ತು ಸಾವಿರ ಇರಬೇಕು. ಮಾಡೆಲ್ಲನ್ನೂ ಚಿಕ್ಕದಾದ ರೆಸ್‌ನೆಟ್-18ಕ್ಕೆ ಇಳಿಸಿ, ಕೆಳಗಿನ ಪದರಗಳು ಹೊಸದಾಗಿ ಕಲಿಯದಂತೆ ಫ್ರೀಜ್ ಮಾಡಿದೆ. ಟ್ರೈನಿಂಗ್ 91ಕ್ಕೆ ಇಳಿಯಿತು, ಹೊಸ ಚೀಲಗಳ ಮೇಲೆ 85ಕ್ಕೆ ಏರಿತು. ಬೆಳಕಿನದ್ದೊಂದು ಉಪಾಯವೂ ಇದೆ, ಅದನ್ನು ಹೇಳಲ್ಲ. ಸದ್ಯ ಅದೇ ನನ್ನ ಹೊಟ್ಟೆಪಾಡು.

ಮಧ್ಯೆ ಬಣ್ಣ ತೆಗೆದು ಕಪ್ಪು ಬಿಳುಪಿನಲ್ಲೂ ಕಲಿಸಿ ನೋಡಿದೆ. ಉರು ಹೊಡೆಯುವುದು ಕಡಿಮೆಯಾಯಿತು, ಆದರೆ ರಾಶಿ, ಬೆಟ್ಟೆ ಎರಡೂ ಒಂದೇ ಅನ್ನತೊಡಗಿತು. ಬಿಟ್ಟೆ.

ಇನ್ನೊಂದು ಎಚ್ಚರ ಇಟ್ಟುಕೊಂಡಿದ್ದೆ. ವ್ಯಾಲಿಡೇಶನ್ ಅಂಕಿ ನೋಡಿಕೊಂಡು ಮೂವತ್ತು ನಲವತ್ತು ಸಲ ಸೆಟ್ಟಿಂಗ್ ಬದಲಿಸಿದರೆ, ಕೊನೆಗೆ ನಾನೇ ಆ ಪ್ರಶ್ನೆಪತ್ರಿಕೆ ಉರು ಹೊಡೆದ ಹಾಗೆ. ಅದಕ್ಕೇ 220ರ ಹೊರಗೆ ಇನ್ನೂ 20 ಚೀಲದ ಫೋಟೋಗಳನ್ನು ಆ ಗೆಳೆಯನ ಹತ್ತಿರ ಸೀಲ್ ಮಾಡಿದ ಬಂಡಲ್ ಥರ ಇಟ್ಟಿದ್ದೆ. ಎಲ್ಲ ಮುಗಿದ ಮೇಲೆ ಒಂದೇ ಸಲ ತೆರೆದೆವು. 83 ಬಂತು. "ಪರವಾಗಿಲ್ವೋ" ಅಂದ. ಆ ಬಂಡಲ್ ಒಡೆದಾಯಿತು, ಇನ್ನು ಪರೀಕ್ಷೆಗೆ ಬರುವುದಿಲ್ಲ. ಮುಂದಿನ ಸುಗ್ಗಿಗೆ ಮತ್ತೆ 20 ಚೀಲ ಹುಡುಕಬೇಕು.